ವಾರಕ್ಕೆ ಐದು ಗಂಟೆ: ಕೆಲಸ ಕೆಡದಂತೆ ಕನ್ನಡ ಕಲಿಸಿ ಗಳಿಸುವ ಬಗೆ

ಅಂದು 20ನೇ ತಾರೀಖು. ಬೆಳಿಗ್ಗೆ ಹತ್ತೂವರೆಗೆ ನಮ್ಮ ಮ್ಯಾನೇಜರ್ ಒಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಏನೂ ಹೇಳದೆ ಎರಡು ಸಾಲುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಒಂದೇ ಪೂರೈಕೆದಾರ, ಒಂದೇ ಬಿಲ್ ಸಂಖ್ಯೆ, ಒಂದೇ ಮೊತ್ತ: 1,18,000 ರೂಪಾಯಿ. ಒಂದು ಬಿಲ್ಲನ್ನು ನಾನು ಎರಡು ಸಲ ನಮೂದಿಸಿದ್ದೆ. ಅಂದರೆ ಖರೀದಿಯಲ್ಲಿ ಕೊಟ್ಟ 18,000 ರೂಪಾಯಿ ಜಿಎಸ್‌ಟಿಯನ್ನು ಕಂಪನಿಯ ತೆರಿಗೆಯಲ್ಲಿ ಕಳೆಯುವ ಜಮೆಯನ್ನೂ ಎರಡು ಸಲ ತೆಗೆದುಕೊಂಡಿದ್ದೆ. ಜಿಎಸ್‌ಟಿಆರ್-3ಬಿ ಎಂಬ ತಿಂಗಳ ತೆರಿಗೆ ರಿಟರ್ನ್ ಸಲ್ಲಿಸಲು ಅದೇ ಕೊನೆಯ ದಿನ. ಪೋರ್ಟಲ್‌ನ 2ಬಿ, ಅಂದರೆ ಪೂರೈಕೆದಾರರು ತೋರಿಸಿದ ಬಿಲ್ಲುಗಳ ಪಟ್ಟಿಯೊಂದಿಗೆ ತಾಳೆ ನೋಡಿದ್ದರಿಂದ ತಪ್ಪು ಸಿಕ್ಕಿತು. ಇಲ್ಲದಿದ್ದರೆ ಅದು ರಿಟರ್ನ್‌ನಲ್ಲೇ ಹೋಗುತ್ತಿತ್ತು.

ಹಿಂದಿನ ರಾತ್ರಿ ಹನ್ನೆರಡೂವರೆಯವರೆಗೆ ನಾನು ಎಚ್ಚರವಾಗಿದ್ದೆ. ಅದು ಕಂಪನಿಯ ಕೆಲಸಕ್ಕಾಗಿ ಅಲ್ಲ, ಮರುದಿನ ಸಂಜೆಯ ಕನ್ನಡ ತರಗತಿಗೆ ಪಾಠ ಬರೆಯುವುದಕ್ಕಾಗಿ.

ನಾನು ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬಿಡುವಿನಲ್ಲಿ, ಬೆಂಗಳೂರಿಗೆ ಬಂದು ನೆಲೆಸಿದ ಕನ್ನಡೇತರರಿಗೆ ಮಾತನಾಡುವ ಕನ್ನಡ ಕಲಿಸುತ್ತೇನೆ. ಗಣಿತ, ವೀಣೆ, ಎಕ್ಸೆಲ್, ಚಿತ್ರಕಲೆ, ಹೀಗೆ ಯಾವುದನ್ನು ಕಲಿಸುವವರಿಗೂ ಈ ಲೆಕ್ಕಾಚಾರ ಹೊಂದಬಹುದು. ಆದರೆ ನನಗೆ ಗೊತ್ತಿರುವುದು ಕನ್ನಡ ಕಲಿಸುವ ಕೆಲಸ. ಅದನ್ನೇ ಹೇಳುತ್ತೇನೆ.

ಮೊದಲು ನೇಮಕಾತಿ ಪತ್ರ ತೆಗೆಯಿರಿ

ಪೋಸ್ಟರ್ ಅಂಟಿಸುವ ಮುನ್ನ ಬೀರುವಿನಲ್ಲಿರುವ ನೇಮಕಾತಿ ಪತ್ರವನ್ನು ಪೂರ್ತಿ ಓದಿ. ಬೇರೆ ಉದ್ಯೋಗ, ವ್ಯಾಪಾರ, ವೃತ್ತಿ ಎಂಬ ಪದಗಳು ಎಲ್ಲಿ ಬರುತ್ತವೆ ನೋಡಿ. ಕೆಲವು ಪತ್ರಗಳಲ್ಲಿ 'ಸ್ಪರ್ಧಿ ಸಂಸ್ಥೆಗೆ ಕೆಲಸ ಮಾಡುವಂತಿಲ್ಲ' ಎಂದಷ್ಟೇ ಇರುತ್ತದೆ. ಕೆಲವದರಲ್ಲಿ 'ಲಿಖಿತ ಅನುಮತಿ ಇಲ್ಲದೆ ಸಂಬಳದ ಅಥವಾ ಸಂಬಳವಿಲ್ಲದ ಯಾವ ಕೆಲಸವನ್ನೂ ಮಾಡುವಂತಿಲ್ಲ' ಎಂದಿರುತ್ತದೆ. ನನ್ನದು ಎರಡನೆಯ ಬಗೆಯದು. 2022ರಲ್ಲಿ ವಿಪ್ರೋ ಸಂಸ್ಥೆ ಸುಮಾರು 300 ಮಂದಿಯನ್ನು ಕೆಲಸದಿಂದ ತೆಗೆದದ್ದು ಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂಬ ಕಾರಣಕ್ಕೆ. ಭಾನುವಾರ ಭಾಷೆ ಕಲಿಸುವುದು ಅದಕ್ಕಿಂತ ಬಹಳ ದೂರದ ಸಂಗತಿ, ನಿಜ. ಆದರೆ ಪತ್ರದಲ್ಲಿ 'ಯಾವ ಕೆಲಸವನ್ನೂ' ಎಂದಿದ್ದರೆ ಆ ಮಾತಿನೊಳಗೆ ನಮ್ಮ ಪಾಠವೂ ಸೇರುತ್ತದೆ.

ಶಾಲಾ ಶಿಕ್ಷಕರಾಗಿದ್ದರೆ ಲೆಕ್ಕವೇ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವಂತಿಲ್ಲ. ಸರ್ಕಾರಿ ನೌಕರರು ನಡತೆ ನಿಯಮಗಳ ಪ್ರಕಾರ ಮೊದಲೇ ಅನುಮತಿ ಪಡೆಯಬೇಕು. ಈ ಎರಡು ಗುಂಪಿನವರು ಹೆಂಡತಿಯ ಅಥವಾ ಗಂಡನ ಹೆಸರಿನಲ್ಲಿ ಫಲಕ ಹಾಕಿ ನಡೆಸುವುದನ್ನು ನಾನು ನೋಡಿದ್ದೇನೆ. ದೂರು ಕೊಡುವುದಕ್ಕೆ ಮುನಿಸಿಕೊಂಡ ಒಬ್ಬ ಪೋಷಕ ಸಾಕು.

ನಾನು ಮಾನವ ಸಂಪನ್ಮೂಲ ವಿಭಾಗಕ್ಕೆ ಕಳುಹಿಸಿದ ಇ-ಮೇಲ್‌ನಲ್ಲಿ ಇದ್ದದ್ದು ಐದೇ ವಾಕ್ಯ. ಏನು ಕಲಿಸುತ್ತೇನೆ, ಯಾವ ದಿನ ಯಾವ ಹೊತ್ತಿನಲ್ಲಿ, ಕಂಪನಿಯ ವ್ಯವಹಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಕಂಪನಿಯ ಲ್ಯಾಪ್‌ಟಾಪ್, ಪ್ರಿಂಟರ್ ಬಳಸುವುದಿಲ್ಲ, ಕಚೇರಿಯವರಿಂದ ಮತ್ತು ನಮ್ಮ ಗ್ರಾಹಕರಿಂದ ಶುಲ್ಕ ಪಡೆಯುವುದಿಲ್ಲ. ಹನ್ನೊಂದು ದಿನಗಳ ಬಳಿಕ ಒಂದು ಸಾಲಿನ ಒಪ್ಪಿಗೆ ಬಂತು. ಅದನ್ನು ಮುದ್ರಿಸಿ ನೇಮಕಾತಿ ಪತ್ರದ ಹಿಂದೆಯೇ ಇಟ್ಟಿದ್ದೇನೆ.

ಕೊನೆಯ ವಾಕ್ಯವನ್ನು ಸುಮ್ಮನೆ ಹಾಕಿದ್ದೆ. ಎರಡು ತಿಂಗಳಲ್ಲೇ ಅದು ಉಪಯೋಗಕ್ಕೆ ಬಂತು. ಪುಣೆಯಿಂದ ಬಂದ ನಮ್ಮ ಮ್ಯಾನೇಜರ್, "ಮೇಡಂ, ನಿಮ್ಮ ಮುಂದಿನ ಬ್ಯಾಚ್‌ಗೆ ನನ್ನ ಹೆಸರನ್ನೂ ಬರೆದುಕೊಳ್ಳಿ, ಶುಲ್ಕ ಎಷ್ಟು?" ಎಂದು ಕೇಳಿದರು. ನನ್ನ ವಾರ್ಷಿಕ ಮೌಲ್ಯಮಾಪನ ಬರೆಯುವವರಿಂದ ನಾನು ಶುಲ್ಕ ಪಡೆದರೆ ಎರಡು ಕಡೆಯೂ ಇಕ್ಕಟ್ಟು. ಬಿಟ್ಟಿಯಾಗಿ ಕಲಿಸಿದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ. ಮೊದಲ ನಾಲ್ಕು ಪಾಠದ ಹಾಳೆಗಳನ್ನು ಕೊಟ್ಟು, ಇ-ಮೇಲ್‌ನ ವಾಕ್ಯವನ್ನು ತೋರಿಸಿದೆ. ಅವರು ನಕ್ಕು ಸುಮ್ಮನಾದರು.

ಒಂದು ತರಗತಿಯ ಹಿಂದಿನ ಗಂಟೆಗಳನ್ನು ಎಣಿಸಿ

ಹೊಸಬರು ಎಡವುವುದು ಇಲ್ಲಿ. 'ವಾರಕ್ಕೆ ಎರಡು ತರಗತಿ, ಎರಡೂವರೆ ಗಂಟೆ, ಅದೇನು ಮಹಾ' ಎಂದುಕೊಂಡು ನಾನೂ ಶುರು ಮಾಡಿದೆ. ಮೊದಲ ಬ್ಯಾಚ್ ಮಂಗಳವಾರ ಮತ್ತು ಗುರುವಾರ ಸಂಜೆ ನಡೆಯುತ್ತಿತ್ತು. ಆರು ಮಂದಿ, ಎಂಟು ವಾರದಲ್ಲಿ 16 ತರಗತಿ, ಒಂದೊಂದು ಒಂದೂಕಾಲು ಗಂಟೆ. ತಲಾ 4,000 ರೂಪಾಯಿಯಂತೆ 24,000 ರೂಪಾಯಿ ಬಂತು.

ಆ ಬಿಲ್ಲಿನ ಪ್ರಸಂಗದ ನಂತರ, ಬಿಲ್ಲುಗಳನ್ನು ಎಣಿಸುವ ಹಾಗೆಯೇ ನನ್ನ ಗಂಟೆಗಳನ್ನೂ ಎಣಿಸಿದೆ. ತರಗತಿಯಲ್ಲಿ ಕಳೆದದ್ದು 20 ಗಂಟೆ. ಪಾಠ ಬರೆಯುವುದಕ್ಕೆ ಪ್ರತಿ ತರಗತಿಗೆ ಸುಮಾರು ಎರಡು ಗಂಟೆ, ಒಟ್ಟು 32. ವಿಚಾರಿಸಿದವರಿಗೆ ಉತ್ತರ, ಒಂದು ಮಾದರಿ ತರಗತಿ, ಶುಲ್ಕದ ನೆನಪೋಲೆ, ತಪ್ಪಿದ ತರಗತಿಯ ಹೊಂದಾಣಿಕೆ, ವಾಟ್ಸ್‌ಆ್ಯಪ್, ಇವೆಲ್ಲ ಸೇರಿ 12. ಒಟ್ಟು 64 ಗಂಟೆ, ಅಂದರೆ ವಾರಕ್ಕೆ ಎಂಟು. ನಾನು ಅಂದುಕೊಂಡದ್ದು ಎರಡೂವರೆ. ಗಂಟೆಗೆ ಬಿದ್ದ ಕೂಲಿ 375 ರೂಪಾಯಿ.

ಅದೇ 16 ಪಾಠಗಳನ್ನು ಎರಡನೇ ಬ್ಯಾಚ್‌ಗೆ ಕಲಿಸಿದಾಗ ತಯಾರಿ ಅರ್ಧ ಗಂಟೆಗೆ ಇಳಿಯಿತು. 20 ಗಂಟೆ ತರಗತಿ, 8 ಗಂಟೆ ತಯಾರಿ, 6 ಗಂಟೆ ಇತರೆ. ಒಟ್ಟು 34 ಗಂಟೆಗೆ ಅದೇ 24,000 ರೂಪಾಯಿ. ಗಂಟೆಗೆ 700 ರೂಪಾಯಿ ದಾಟಿತು, ವಾರಕ್ಕೆ ನಾಲ್ಕು ಚಿಲ್ಲರೆ ಗಂಟೆ ಸಾಕಾಯಿತು. ಶುಲ್ಕವನ್ನು ಒಂದು ಪೈಸೆಯೂ ಏರಿಸಿರಲಿಲ್ಲ.

ಇದಕ್ಕೆ ಎದುರಾಗಿ ಮನೆಗೆ ಹೋಗಿ ಒಬ್ಬರಿಗೇ ಕಲಿಸುವುದನ್ನು ನೋಡಿ. ಗಂಟೆಗೆ 500 ರೂಪಾಯಿ ಎಂದರೆ ಕೇಳುವುದಕ್ಕೆ ಚೆನ್ನಾಗಿದೆ. ಹೋಗಿ ಬರಲು ಒಂದು ಗಂಟೆ ಇಪ್ಪತ್ತು ನಿಮಿಷ, ಅವರಿಗೆಂದೇ ತಯಾರಿ ಅರ್ಧ ಗಂಟೆ, ಪಾಠ ಒಂದು ಗಂಟೆ. ಎರಡು ಗಂಟೆ ಐವತ್ತು ನಿಮಿಷಕ್ಕೆ 500 ಎಂದರೆ ಗಂಟೆಗೆ 176 ರೂಪಾಯಿ. ಸಂಬಳದ ಕೆಲಸವನ್ನು ಮೊದಲು ಕೆಡಿಸುವುದು ಇಂಥ ಪಾಠಗಳೇ, ಏಕೆಂದರೆ ಆದಾಯ ಹೆಚ್ಚಿಸಬೇಕಾದರೆ ಗಂಟೆಗಳನ್ನು ಹೆಚ್ಚಿಸುವುದೊಂದೇ ದಾರಿ.

ಆದ್ದರಿಂದ ನನ್ನ ಮಿತಿ ವಾರಕ್ಕೆ ಐದು ಗಂಟೆ, ಎಲ್ಲವೂ ಸೇರಿ. ನಿಮ್ಮ ಮಿತಿ ಎಷ್ಟೆಂದು ತಿಳಿಯಲು, ಶುರು ಮಾಡುವ ಮುನ್ನ ನಾಲ್ಕು ವಾರ ನಿಮ್ಮ ಸಂಜೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೊಬೈಲ್ ನೋಡಿದ ಹೊತ್ತನ್ನು ಬಿಡುವು ಎಂದು ಎಣಿಸಬೇಡಿ. ದಣಿದ ತಲೆ ಆ ಹೊತ್ತಿನಲ್ಲಿ ಪಾಠ ಬರೆಯುವುದಿಲ್ಲ.

ಹದಿನಾರೂ ಪಾಠ ಮೊದಲೇ ಬರೆದಿರಲಿ

ಮೊದಲ ಬ್ಯಾಚ್‌ನ ಆ 32 ಗಂಟೆಗಳನ್ನು ತಪ್ಪಿಸಲಾಗದು, ಆದರೆ ಹಿಂದಕ್ಕೆ ಸರಿಸಬಹುದು. ಒಬ್ಬ ವಿದ್ಯಾರ್ಥಿಯೂ ಸೇರುವ ಮೊದಲೇ, ಕಚೇರಿಯಲ್ಲಿ ಕೆಲಸ ಹಗುರವಾಗಿರುವ ತಿಂಗಳುಗಳ ಭಾನುವಾರಗಳಲ್ಲಿ, ಪೂರ್ತಿ ಪಾಠಸರಣಿ ಬರೆದು ಮುಗಿಸಿ. ಪಾಠಕ್ಕೆ ಒಂದೇ ಹಾಳೆ, ಎರಡು ಮಗ್ಗುಲು.

ಏನು ಬರೆಯಬೇಕು ಎಂಬುದಕ್ಕೆ ಒಂದು ಉದಾಹರಣೆ. ನನ್ನ ಮೊದಲ ತರಗತಿಯಲ್ಲಿ ನಾನು ಅಕ್ಷರಮಾಲೆಯಿಂದ ಶುರು ಮಾಡಿದೆ. ಮೂರನೇ ತರಗತಿಯ ಹೊತ್ತಿಗೆ ಎಲ್ಲರ ಮುಖವೂ ಬಾಡಿತ್ತು. ಅವರಿಗೆ ಬೇಕಾದದ್ದು ತರಕಾರಿಯವರೊಂದಿಗೆ, ಸೆಕ್ಯುರಿಟಿಯವರೊಂದಿಗೆ, ಆಟೋದವರೊಂದಿಗೆ ಆಡುವ ಮಾತು. ಈಗ ಮೊದಲ ಪಾಠ ನಾಲ್ಕೇ ಪದ: ಬೇಕು, ಬೇಡ, ಇದೆ, ಇಲ್ಲ. 'ನನಗೆ' ಎಂಬುದೊಂದು ಸೇರಿಸಿದರೆ ಅಂದೇ ಅಂಗಡಿಗೆ ಹೋಗಿ ಬರಬಹುದು.

ಮೂರನೇ ಪಾಠ 'ಇಲ್ಲ' ಮತ್ತು 'ಅಲ್ಲ'. ನಮಗೆ ಇದು ಪಾಠವೇ ಅಲ್ಲ ಎನಿಸುತ್ತದೆ. ಒಬ್ಬ ವಿದ್ಯಾರ್ಥಿ, ಗೇಟಿನಲ್ಲಿ ಬೇರೆಯವರ ಪಾರ್ಸೆಲ್ ತೋರಿಸಿ ಕೇಳಿದ ಸೆಕ್ಯುರಿಟಿಯವರಿಗೆ "ಇದು ನನ್ನ ಪಾರ್ಸೆಲ್ ಇಲ್ಲ" ಎಂದು ಹೇಳಿದರಂತೆ. ಹಿಂದಿಯಲ್ಲಿ ಎರಡಕ್ಕೂ 'ನಹೀಂ' ಒಂದೇ. ಆಡುಮಾತಿನ ತಮಿಳಿನಲ್ಲೂ 'ಇಲ್ಲೈ' ಎಂಬುದೇ ಎರಡೂ ಕಡೆ ನಡೆಯುತ್ತದೆ. ತೆಲುಗಿನವರಿಗೆ 'ಲೇದು', 'ಕಾದು' ಬೇರೆಬೇರೆ ಇರುವುದರಿಂದ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಮಲಯಾಳಿಗಳಿಗಂತೂ 'ಇಲ್ಲ', 'ಅಲ್ಲ' ಅವರದೇ ಪದಗಳು. ಹಾಗಾಗಿ ಆ ಹಾಳೆಯಲ್ಲಿ ಹಿಂದಿ ಮತ್ತು ತಮಿಳಿನವರಿಗೆ ಹತ್ತು ವಾಕ್ಯಗಳ ಅಭ್ಯಾಸವಿದೆ. ತೆಲುಗು, ಮಲಯಾಳದವರು ಆ ಹತ್ತು ನಿಮಿಷ ಉಳಿದವರಿಗೆ ಪ್ರಶ್ನೆ ಕೇಳುತ್ತಾರೆ. ಐದನೇ ಪಾಠದಲ್ಲಿ ಲ ಮತ್ತು ಳ ಬರುತ್ತದೆ: ಬೇಳೆಯ ಬೆಲೆ ಕೇಳುವುದು. ಅದನ್ನು ಎಲ್ಲರೂ ನಗುತ್ತಲೇ ಕಲಿಯುತ್ತಾರೆ.

'ಇಲ್ಲ', 'ಅಲ್ಲ' ಪಾಠದ ಆ ಒಂದು ಹಾಳೆ ಬರೆಯಲು ನನಗೆ ಮೂರು ಗಂಟೆ ಹಿಡಿದಿತ್ತು. ಇದುವರೆಗೆ ಐದು ಬ್ಯಾಚ್‌ಗಳಲ್ಲಿ ಬಳಸಿದ್ದೇನೆ, ತಿದ್ದಿದ್ದು ಎರಡು ಸಾಲು. ತರಗತಿ ಮುಗಿದ ಕೂಡಲೇ, ಮನೆಗೆ ಹೋಗುವ ಮೊದಲೇ, ಎಲ್ಲಿ ಎಡವಿದರು ಎಂಬುದನ್ನು ಅಂಚಿನಲ್ಲಿ ಗುರುತಿಸುತ್ತೇನೆ. ಮುಂದಿನ ಸಲದ ತಯಾರಿ ಆ ಗುರುತುಗಳನ್ನು ಓದುವುದಷ್ಟೇ. ಪುಸ್ತಕದ 'ಮಾಡುತ್ತೇನೆ' ಅಂಗಡಿಯಲ್ಲಿ ಆ ರೂಪದಲ್ಲಿ ಕೇಳಿಸುವುದಿಲ್ಲ. ಬೀದಿಯಲ್ಲಿ ಅದು ಹೇಗೆ ಸವೆದು ಬರುತ್ತದೆ ಎಂಬುದನ್ನು ಕೇಳಿಸಲು ಒಂದು ನಿಮಿಷದ ಧ್ವನಿಮುದ್ರಣಗಳನ್ನೂ ಒಮ್ಮೆಗೇ ಮಾಡಿಟ್ಟುಕೊಂಡೆ.

ಪ್ರತಿಯೊಬ್ಬರೂ ತಮಗೆಂದೇ ಬೇರೆ ಪಾಠ ಕೇಳುತ್ತಾರೆ: 'ನಮ್ಮ ಆಸ್ಪತ್ರೆಯ ಮಾತು ಕಲಿಸಿ', 'ನಮ್ಮ ಕಟ್ಟಡ ಕೆಲಸದವರೊಂದಿಗೆ ಮಾತಾಡಬೇಕು.' ಒಪ್ಪಿಕೊಂಡ ಕ್ಷಣವೇ ನೀವು ಮತ್ತೆ ಎಂಟು ಗಂಟೆಯ ವಾರಕ್ಕೆ ಹಿಂತಿರುಗುತ್ತೀರಿ. ಪದಗಳ ಪಟ್ಟಿ ತರುವುದು ಅವರ ಮನೆಗೆಲಸ, ವಾಕ್ಯದ ಅಚ್ಚು ನನ್ನದು ಎಂದು ಹೇಳುತ್ತೇನೆ.

ಕಚೇರಿಯ ಪಂಚಾಂಗ ನೋಡಿ ಮುಹೂರ್ತ ಇಡಿ

ಲೆಕ್ಕಪತ್ರದವರಿಗೆ ತಿಂಗಳಲ್ಲಿ ಮೂರು ಗಂಡಾಂತರ: 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ 3ಬಿ. ವರ್ಷದಲ್ಲಿ ಮಾರ್ಚ್-ಏಪ್ರಿಲ್ ಮತ್ತು ಲೆಕ್ಕಪರಿಶೋಧನೆಯ ಸೆಪ್ಟೆಂಬರ್-ಅಕ್ಟೋಬರ್. ಹಾಗಾಗಿ ನನ್ನ ಬ್ಯಾಚ್‌ಗಳು ವರ್ಷಕ್ಕೆ ಮೂರೇ: ಮೇ-ಜೂನ್, ಜುಲೈ-ಆಗಸ್ಟ್, ನವೆಂಬರ್-ಡಿಸೆಂಬರ್. ವಾರದ ಸಂಜೆಗಳನ್ನು ಬಿಟ್ಟು ಶನಿವಾರ ಸಂಜೆ ಆರಕ್ಕೆ ಮತ್ತು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬದಲಿಸಿಕೊಂಡೆ. ನಿಮ್ಮ ಕೆಲಸಕ್ಕೂ ಇಂಥ ದಿನಗಳಿರುತ್ತವೆ. ಬ್ಯಾಂಕಿನಲ್ಲಿ ತ್ರೈಮಾಸಿಕದ ಕೊನೆ, ಸಾಫ್ಟ್‌ವೇರ್‌ನಲ್ಲಿ ಬಿಡುಗಡೆಯ ವಾರ, ಮಾರಾಟದಲ್ಲಿ ತಿಂಗಳ ಕೊನೆಯ ಐದು ದಿನ. ಕಳೆದ ವರ್ಷದ ಕ್ಯಾಲೆಂಡರ್ ತೆಗೆದು, ರಾತ್ರಿ ಎಂಟರ ನಂತರ ಮನೆಗೆ ಬಂದ ದಿನಗಳಿಗೆಲ್ಲ ಗುರುತು ಹಾಕಿದರೆ ಚಿತ್ರ ತಾನೇ ಕಾಣುತ್ತದೆ.

ಇನ್ನೊಂದು ಉಪಾಯ ನನ್ನನ್ನು ಹಲವು ಸಲ ಉಳಿಸಿದೆ. 16 ತರಗತಿಗೆ ಎಂಟು ವಾರ ಸಾಕಾದರೂ ಒಂಬತ್ತು ವಾರ ಎಂದು ಹೇಳುತ್ತೇನೆ. ಒಂದು ವಾರಾಂತ್ಯ ನನ್ನ ಕೈಯಲ್ಲಿ ಉಳಿಯುತ್ತದೆ. ಕಚೇರಿಯವರು ಶನಿವಾರ ತಡವಾಗಿ ಉಳಿಯಲು ಹೇಳಿದರೆ ನೆಪ ಹುಡುಕುವುದಿಲ್ಲ, 'ಈ ವಾರದ ತರಗತಿ ಒಂಬತ್ತನೇ ವಾರಕ್ಕೆ' ಎಂದು ಒಂದು ಸಂದೇಶ ಕಳುಹಿಸುತ್ತೇನೆ. ವಿದ್ಯಾರ್ಥಿಗಳಿಗೂ ಬೇಸರವಿಲ್ಲ, ಏಕೆಂದರೆ ಸೇರುವಾಗಲೇ ಹೇಳಿರುತ್ತೇನೆ.

ಆನ್‌ಲೈನ್ ಆದರೆ ಪಾಠದ ಉದ್ದವನ್ನು ತಂತ್ರಾಂಶವೇ ನಿರ್ಧರಿಸುತ್ತದೆ. ಹಣ ಕಟ್ಟದ ಝೂಮ್‌ನಲ್ಲಿ 40 ನಿಮಿಷ, ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಮಂದಿ ಇದ್ದರೆ 60 ನಿಮಿಷ. ನಾನು ಜಾಲಹಳ್ಳಿಯ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲೇ ಕಲಿಸುವುದರಿಂದ ಈ ತೊಂದರೆಯಿಲ್ಲ. ಸಂಘಕ್ಕೆ ಬ್ಯಾಚ್‌ಗೆ 1,000 ರೂಪಾಯಿ ಕೊಡುತ್ತೇನೆ.

ಶುಲ್ಕ ಮುಂಗಡ, ಉತ್ತರ ಬುಧವಾರ

ಶುಲ್ಕ ಪೂರ್ತಿ ಮುಂಗಡ. ತಿಂಗಳು ತಿಂಗಳು ಪಡೆದರೆ ಆರು ಜನರನ್ನು ಎರಡು ಸಲ ನೆನಪಿಸಬೇಕು, ಅದೂ ಮಧ್ಯಾಹ್ನ ಊಟದ ಹೊತ್ತಿನಲ್ಲೇ ನೆನಪಾಗುತ್ತದೆ. ಎರಡನೇ ತರಗತಿಯ ಒಳಗೆ ಬಿಟ್ಟರೆ ಪೂರ್ತಿ ವಾಪಸು, ನಂತರ ಇಲ್ಲ. ಅವರು ತಪ್ಪಿಸಿಕೊಂಡ ತರಗತಿಗೆ ಬೇರೆ ತರಗತಿ ಇಲ್ಲ, ಹಾಳೆ ಮತ್ತು ಧ್ವನಿಮುದ್ರಣ ಸಿಗುತ್ತದೆ. ಮೊದಲು ಹೇಳಲು ಸಂಕೋಚವಾಗುತ್ತಿತ್ತು. ಈಗ ಸೇರುವ ಚೀಟಿಯಲ್ಲೇ ಅಚ್ಚಾಗಿದೆ, ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಚೇರಿಯ ಹೊತ್ತನ್ನು ತಿನ್ನುವುದು ತರಗತಿಗಿಂತ ಹೆಚ್ಚಾಗಿ ವಾಟ್ಸ್‌ಆ್ಯಪ್. 'ಮೇಡಂ, ಕೊಟ್ಟೆ ಅನ್ನಬೇಕಾ, ಕೊಡಿದೆ ಅನ್ನಬೇಕಾ?' ಎಂಬ ಪ್ರಶ್ನೆ ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಉತ್ತರಿಸದೆ ಇರುವುದು ಕಷ್ಟ. ಉತ್ತರಕ್ಕೆ ಒಂದು ನಿಮಿಷ, ಬ್ಯಾಂಕ್ ಹೊಂದಾಣಿಕೆ ಪಟ್ಟಿಯಲ್ಲಿ ಕಳೆದುಹೋದ ಸಾಲನ್ನು ಮತ್ತೆ ಹುಡುಕಲು ಹತ್ತು ನಿಮಿಷ. ಗುಂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಸಂದೇಶ ಕಳುಹಿಸುವಂತೆ ಮಾಡಬಹುದು. ನಾನು ಸೋಮವಾರದಿಂದ ಹಾಗೆ ಮುಚ್ಚಿ, ಬುಧವಾರ ರಾತ್ರಿ ಒಂಬತ್ತರಿಂದ ಒಂಬತ್ತೂವರೆಯವರೆಗೆ ತೆರೆಯುತ್ತೇನೆ. ಎಲ್ಲರೂ ಒಂದು ನಿಮಿಷದ ಧ್ವನಿ ಸಂದೇಶ ಕಳುಹಿಸುತ್ತಾರೆ, ಕೇಳಿ ತಿದ್ದುತ್ತೇನೆ, ಮತ್ತೆ ಮುಚ್ಚುತ್ತೇನೆ. ಮೊದಲ ವಾರ ಒಬ್ಬರು ನನ್ನ ವೈಯಕ್ತಿಕ ಸಂಖ್ಯೆಗೇ ಪ್ರಶ್ನೆ ಕಳುಹಿಸಿದರು. ಬುಧವಾರ ಗುಂಪಿನಲ್ಲೇ ಉತ್ತರಿಸಿದೆ. ಅಲ್ಲಿಗೆ ಅದು ನಿಂತಿತು.

ತೆರಿಗೆ

ಯುಪಿಐಯಲ್ಲಿ ಬಂದರೂ, ನಗದಾಗಿ ಬಂದರೂ ಶುಲ್ಕ ಆದಾಯವೇ. ಒಂದು ಬೇರೆ ಉಳಿತಾಯ ಖಾತೆ ತೆರೆದು ಎಲ್ಲವನ್ನೂ ಅದರಲ್ಲೇ ನಡೆಸಿದರೆ ವರ್ಷದ ಕೊನೆಗೆ ತಲೆನೋವಿಲ್ಲ. ನಿಯಮಿತವಾಗಿ ಕಲಿಸಿ ಗಳಿಸುವುದು ವೃತ್ತಿಯ ಆದಾಯವಾಗುವುದರಿಂದ, ಸಂಬಳದವರು ತುಂಬುವ ಸಹಜ್ ನಮೂನೆ ನಡೆಯುವುದಿಲ್ಲ. ಮುದ್ರಣ, ಸಭಾಂಗಣದ ಬಾಡಿಗೆಯಂಥ ಖರ್ಚು ಕಳೆಯಬಹುದು, ರಸೀದಿ ಇರಲಿ.

ನನ್ನ ಲೆಕ್ಕ: ಮೂರು ಬ್ಯಾಚ್‌ಗೆ 72,000, ಖರ್ಚು 6,000, ಉಳಿದದ್ದು 66,000. ಮೇಲಿನ ಆದಾಯಕ್ಕೆ 20% ತೆರಿಗೆ ಬೀಳುವವರಿಗೆ, 4% ಸೆಸ್ ಸೇರಿ, 13,728 ರೂಪಾಯಿ. ಸಂಬಳದ ಟಿಡಿಎಸ್ ಕಳೆದು ಕಟ್ಟಬೇಕಾದ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು, ಇಲ್ಲವಾದರೆ ಬಡ್ಡಿ. ಉದ್ಯೋಗದಾತರಿಗೆ ಈ ಆದಾಯವನ್ನು ತಿಳಿಸಿ ಸಂಬಳದಲ್ಲೇ ಹೆಚ್ಚು ಟಿಡಿಎಸ್ ಹಿಡಿಸಿಕೊಳ್ಳಬಹುದು. ಅನುಮತಿ ಪಡೆದವರಿಗೆ ಇದೇ ಸುಲಭ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ. ವಾರಕ್ಕೆ ಐದು ಗಂಟೆ ಕಲಿಸುವವರು ಅದರ ಚಿಂತೆ ಬಿಡಬಹುದು.

ಕೆಲಸ ಕೆಡುತ್ತಿದೆಯೇ ಎಂದು ತಿಳಿಯುವುದು ಹೇಗೆ

'ನಾನು ಚೆನ್ನಾಗಿಯೇ ನಿಭಾಯಿಸುತ್ತಿದ್ದೇನೆ' ಎಂಬ ಅನಿಸಿಕೆಯನ್ನು ನಂಬಬೇಡಿ. ಆ 19ನೇ ತಾರೀಖಿನ ರಾತ್ರಿಯೂ ನನಗೆ ಹಾಗೆಯೇ ಅನಿಸಿತ್ತು. ನಿಮ್ಮ ಕೆಲಸದಲ್ಲಿ ತಪ್ಪು ತಾನಾಗಿ ದಾಖಲಾಗುವ ಒಂದು ಜಾಗ ಇರುತ್ತದೆ, ಅದನ್ನು ಎಣಿಸಿ. ನನ್ನಲ್ಲಿ ಅದು ತಿದ್ದುಪಡಿ ನಮೂದುಗಳು. ಪ್ರತಿ ತಿಂಗಳು, ನಾನೇ ಬರೆದದ್ದನ್ನು ನಾನೇ ತಿದ್ದಿದ ನಮೂದುಗಳು ಎಷ್ಟು ಎಂದು ನೋಡುತ್ತೇನೆ. ಕಲಿಸಲು ಶುರು ಮಾಡುವ ಮುಂಚಿನ ಆರು ತಿಂಗಳಲ್ಲಿ ಅವು ಏಳರಿಂದ ಒಂಬತ್ತರ ನಡುವೆ ಇದ್ದವು. ಮೊದಲ ಬ್ಯಾಚ್‌ನ ಎರಡನೇ ತಿಂಗಳಲ್ಲಿ 17 ಆಗಿದ್ದವು. ನಾನು ಮಾತ್ರ ಅದನ್ನು ಗಮನಿಸಿರಲಿಲ್ಲ. ಸಾಫ್ಟ್‌ವೇರ್‌ನವರಿಗೆ ಅದು ಮರಳಿ ಬಂದ ದೋಷಗಳ ಸಂಖ್ಯೆ, ಗ್ರಾಹಕ ಸೇವೆಯವರಿಗೆ ಮತ್ತೆ ತೆರೆದ ದೂರುಗಳು, ಗುಮಾಸ್ತರಿಗೆ ಮೇಲಧಿಕಾರಿ ಹಿಂದಿರುಗಿಸಿದ ಕಡತಗಳು.

ಎಣಿಕೆ ಒಂದು ತಿಂಗಳು ಏರಿದರೆ ಕಾರಣ ಬೇರೆಯೂ ಇರಬಹುದು. ಸತತ ಎರಡು ತಿಂಗಳು ಏರಿದರೆ, ನಡೆಯುತ್ತಿರುವ ಬ್ಯಾಚ್ ಮುಗಿಸಿಕೊಡಿ, ಏಕೆಂದರೆ ಹಣ ಪಡೆದಾಗಿದೆ. ಆದರೆ ಮುಂದಿನದರ ಹೆಸರು ನೋಂದಣಿ ನಿಲ್ಲಿಸಿ. ಕಳೆದ ವರ್ಷ ಜುಲೈ ಬ್ಯಾಚ್‌ಗೆ ಐದು ಹೆಸರು ಬಂದಿದ್ದವು. ವಿಭಾಗದಲ್ಲಿ ಒಬ್ಬರು ಹೆರಿಗೆ ರಜೆಗೆ ಹೋಗಿದ್ದರು, ಅವರ ಪಾಲಿನ ಕೆಲಸ ನನ್ನ ಮೇಜಿಗೆ ಬಂದಿತ್ತು, ತಿದ್ದುಪಡಿಗಳು 11, ನಂತರ 14 ಆಗಿದ್ದವು. ಐವರಿಗೂ ಫೋನ್ ಮಾಡಿ ನವೆಂಬರ್‌ಗೆ ಮುಂದೂಡಿದೆ. ಇಬ್ಬರು ಬೇರೆ ಕಡೆ ಸೇರಿದರು, ಮೂವರು ಕಾದರು. ನವೆಂಬರ್‌ನಲ್ಲಿ ಆ ಮೂವರೊಂದಿಗೆ ಇನ್ನೂ ಮೂವರು ಸೇರಿ ಮತ್ತೆ ಆರು ಮಂದಿಯಾದರು. ಆ ಎರಡು ತಿಂಗಳ ತಿದ್ದುಪಡಿಗಳು ಎಂಟು ಮತ್ತು ಒಂಬತ್ತು.